ವಿಮಾನ ರದ್ದು, ಏರ್‌ಲೈನ್ ಫೋನ್ ಎತ್ತುತ್ತಿಲ್ಲ: ದುಡ್ಡು ಯಾರ ಹತ್ತಿರ ಕೇಳಬೇಕು, ಸೀಟು ಎಲ್ಲಿ ಹುಡುಕಬೇಕು

ಪ್ರಶ್ನೆ: ನಾವು ನಾಲ್ಕು ಜನ ಬೆಂಗಳೂರಿನಿಂದ ದೆಹಲಿಗೆ ಹೋಗಿಬರುವ ಟಿಕೆಟ್ ಮಾಡಿಸಿದ್ದೆವು. ಟ್ರಾವೆಲ್ ಪೋರ್ಟಲ್‌ನಲ್ಲಿ, ಕ್ರೆಡಿಟ್ ಕಾರ್ಡ್‌ನಿಂದ, ಒಟ್ಟು 39,400 ರೂಪಾಯಿ. ಇವತ್ತು ಬುಧವಾರ, ಶುಕ್ರವಾರ ಹೊರಡಬೇಕು, ಭಾನುವಾರ ಮದುವೆ. ಈಗ ವಿಮಾನ ರದ್ದು ಅಂತ ಮೆಸೇಜ್ ಬಂದಿದೆ. ಸಿಬ್ಬಂದಿ ಮುಷ್ಕರ ಅಂತ ಕೆಲವರು, ಕಂಪನಿಯೇ ಮುಚ್ಚುತ್ತಿದೆ ಅಂತ ಇನ್ನು ಕೆಲವರು. ಪೋರ್ಟಲ್‌ನವರು ಏರ್‌ಲೈನ್‌ಗೆ ಕೇಳಿ ಅಂತಾರೆ, ಏರ್‌ಲೈನ್‌ನವರು ಫೋನೇ ಎತ್ತಲ್ಲ. ಕ್ರೆಡಿಟ್ ಶೆಲ್ ಕೊಡ್ತೀವಿ, ಅಂದರೆ ಹಣದ ಬದಲು ಅದೇ ಏರ್‌ಲೈನ್‌ನಲ್ಲಿ ಮುಂದೆ ಟಿಕೆಟ್ ಕೊಳ್ಳಲು ಜಮೆ ಇಡ್ತೀವಿ ಅಂತ ಮೇಲ್ ಬಂದಿದೆ. ಒಪ್ಪಿಕೊಳ್ಳಲೇ?

ಉತ್ತರ: ಒಪ್ಪಿಕೊಳ್ಳಬೇಡಿ. ಅದರ ಜೊತೆಗೆ, ಆ್ಯಪ್‌ನಲ್ಲಿ ಟಿಕೆಟ್ ರದ್ದು ಮಾಡುವ ಬಟನ್ ಇದೆಯಲ್ಲ, ಅದನ್ನೂ ಒತ್ತಬೇಡಿ. ದುಡ್ಡು ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಗಾಬರಿಯಲ್ಲಿ ಮೊದಲ ಅರ್ಧ ಗಂಟೆಯಲ್ಲೇ ಈ ಎರಡರಲ್ಲಿ ಒಂದನ್ನು ಮಾಡಿರುತ್ತಾರೆ. ಏರ್‌ಲೈನ್ ರದ್ದು ಮಾಡಿದ ಟಿಕೆಟ್‌ಗೆ ಪೂರ್ತಿ ಹಣ ವಾಪಸ್ ಬರಬೇಕು. ನೀವಾಗಿ ರದ್ದು ಮಾಡಿದರೆ ಪೋರ್ಟಲ್‌ನ ಲೆಕ್ಕದಲ್ಲಿ ಅದು ಪ್ರಯಾಣಿಕರೇ ಮನಸ್ಸು ಬದಲಿಸಿದ ಟಿಕೆಟ್. ತಲೆಗೆ ಮೂರು ನಾಲ್ಕು ಸಾವಿರ ಕ್ಯಾನ್ಸಲೇಶನ್ ಶುಲ್ಕ ಮುರಿದುಕೊಂಡು ಉಳಿದದ್ದನ್ನು ಕಳಿಸುತ್ತಾರೆ. ಆಮೇಲೆ ವಾದ ಮಾಡಿದರೂ ದಾಖಲೆ ನಿಮ್ಮ ವಿರುದ್ಧವೇ ಇರುತ್ತದೆ.

ಹಾಗಾಗಿ ಮೊದಲು ರದ್ದಾದ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆಯಿರಿ. ಏರ್‌ಲೈನ್ ಸೈಟ್‌ನಲ್ಲಿ ನಿಮ್ಮ ಪಿಎನ್ಆರ್ ಹಾಕಿ, ವಿಮಾನದ ಸ್ಥಿತಿ ರದ್ದು ಅಂತ ತೋರಿಸುವ ಪುಟವನ್ನೂ ದಿನಾಂಕ, ಸಮಯ ಕಾಣುವ ಹಾಗೆ ಉಳಿಸಿಕೊಳ್ಳಿ. ಮುಚ್ಚಿಹೋಗುವ ಕಂಪನಿಯಾದರೆ ಆ ಪುಟ ನಾಳೆ ತೆರೆಯದೆಯೂ ಹೋಗಬಹುದು.

ಇನ್ನು ಮುಷ್ಕರವೋ, ಮುಚ್ಚುವಿಕೆಯೋ ಎಂಬ ಪ್ರಶ್ನೆ. ಇದು ತಿಳಿಯಲೇಬೇಕು, ಯಾಕೆಂದರೆ ದುಡ್ಡು ಕೇಳುವ ಬಾಗಿಲೇ ಬೇರೆಯಾಗುತ್ತದೆ. ಮುಷ್ಕರವಾದರೆ ಕಂಪನಿ ಬದುಕಿದೆ, ಅದರ ಬ್ಯಾಂಕ್ ಖಾತೆಯಲ್ಲಿ ಹಣ ಓಡಾಡುತ್ತಿದೆ, ನಿಯಮ ತೋರಿಸಿ ಏರ್‌ಲೈನ್‌ನಿಂದಲೇ ವಸೂಲಿ ಮಾಡಬಹುದು. ಕಂಪನಿ ದಿವಾಳಿಗೆ ಹೋದರೆ ಅದರ ಬಾಗಿಲು ಬಡಿದು ಪ್ರಯೋಜನವಿಲ್ಲ. ನಿಮ್ಮ ದಾರಿ ಬ್ಯಾಂಕ್.

2024ರ ಮೇ 7ರ ರಾತ್ರಿಯಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಆದದ್ದು ಮೊದಲನೆಯ ಬಗೆ. ಕ್ಯಾಬಿನ್ ಸಿಬ್ಬಂದಿ ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೇ ಕಾಯಿಲೆ ರಜೆ ಹಾಕಿದರು. ಗಲ್ಫ್‌ಗೆ ಹೊರಟವರು ನಿಲ್ದಾಣಕ್ಕೆ ಬಂದ ಮೇಲೆ ವಿಮಾನವಿಲ್ಲ ಅಂತ ಗೊತ್ತಾಯಿತು. 9ರಂದು ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಮಾತುಕತೆ ನಡೆದು ಸಿಬ್ಬಂದಿ ಕೆಲಸಕ್ಕೆ ಮರಳಲು ಒಪ್ಪಿದರು. ಅಷ್ಟರೊಳಗೆ ಕಂಪನಿ ಪೂರ್ತಿ ರಿಫಂಡ್ ಅಥವಾ ಬೇರೆ ದಿನದ ಟಿಕೆಟ್ ಎಂಬ ಆಯ್ಕೆ ಕೊಟ್ಟಿತ್ತು, ಅದೇ ಗುಂಪಿನ ಏರ್ ಇಂಡಿಯಾ ಕೆಲವು ಮಾರ್ಗಗಳಲ್ಲಿ ನೆರವಿಗೆ ಬಂತು. ಅದಕ್ಕೆ ಒಂದು ವರ್ಷ ಮುಂಚೆ, 2023ರ ಮೇ 2ರಂದು, ಗೋ ಫಸ್ಟ್ ತಾನಾಗಿಯೇ ದಿವಾಳಿ ಅರ್ಜಿ ಹಾಕುತ್ತಿದ್ದೇನೆ ಅಂದಿತು. 3ರಿಂದ ಹಾರಾಟ ನಿಂತಿತು. 10ರಂದು ಕಂಪನಿ ಕಾನೂನು ನ್ಯಾಯಮಂಡಳಿ ಅರ್ಜಿಯನ್ನು ಸ್ವೀಕರಿಸಿತು. ಎರಡೂ ಕಡೆ ಪ್ರಯಾಣಿಕರಿಗೆ ಮೊದಲ ದಿನ ಬಂದದ್ದು ಒಂದೇ ಬಗೆಯ ಮೆಸೇಜ್: ಕಾರ್ಯಾಚರಣೆಯ ಕಾರಣಗಳಿಂದ ರದ್ದು.

ಹಾಗಾದರೆ ಮನೆಯಲ್ಲಿ ಕೂತು ಹೇಗೆ ತಿಳಿಯುವುದು? ವಿಮಾನಗಳನ್ನು ನಕ್ಷೆಯ ಮೇಲೆ ತೋರಿಸುವ Flightradar24 ಥರದ ಆ್ಯಪ್‌ನಲ್ಲಿ ಆ ಕಂಪನಿಯ ಬೇರೆ ವಿಮಾನಗಳು ಹಾರುತ್ತಿವೆಯೇ ನೋಡಿ. ಮುಷ್ಕರದಲ್ಲಿ ಸಾಮಾನ್ಯವಾಗಿ ಒಂದಷ್ಟು ವಿಮಾನಗಳಾದರೂ ಹಾರುತ್ತಿರುತ್ತವೆ. ಇಡೀ ದಿನ ಒಂದೂ ಇಲ್ಲದಿದ್ದರೆ ಅನುಮಾನ ಪಡಿ. ನ್ಯಾಯಮಂಡಳಿ, ದಿವಾಳಿ ಅರ್ಜಿ ಎಂಬ ಮಾತು ಕಂಪನಿಯ ಸ್ವಂತ ಹೇಳಿಕೆಯಲ್ಲೇ ಬಂದಿದ್ದರೆ ಅನುಮಾನಕ್ಕೂ ಜಾಗವಿಲ್ಲ. ಆದರೆ ಸೈಟ್‌ನಲ್ಲಿ ಮುಂದಿನ ತಿಂಗಳ ಟಿಕೆಟ್ ಸಿಗುತ್ತಿದೆ ಎಂಬುದನ್ನು ಕಂಪನಿ ಬದುಕಿದೆ ಎಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಗೋ ಫಸ್ಟ್ ವಿಷಯದಲ್ಲಿ ಟಿಕೆಟ್ ಮಾರಾಟವನ್ನು ತಕ್ಷಣ ನಿಲ್ಲಿಸಿ ಅಂತ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮೇ 8ರಂದು ಆದೇಶ ಕೊಡಬೇಕಾಯಿತು.

ನಿಮಗೆ ಸಮಯ ಕಡಿಮೆ ಇರುವುದರಿಂದ ದುಡ್ಡಿಗಿಂತ ಮೊದಲು ಸೀಟಿನ ವಿಷಯ ಹೇಳುತ್ತೇನೆ. ಹಣ ಕೇಳಲು ವಾರಗಳಿವೆ, ಸೀಟು ಗಂಟೆಗಂಟೆಗೂ ಕರಗುತ್ತದೆ.

ನಾಲ್ಕು ಸೀಟನ್ನು ಒಟ್ಟಿಗೆ ಹುಡುಕಬೇಡಿ. ಒಂದೇ ವಿಮಾನದ ಒಂದೇ ತರಗತಿಯ ಸೀಟುಗಳನ್ನೂ ಏರ್‌ಲೈನ್‌ನವರು ಬೇರೆ ಬೇರೆ ದರದ ಗುಂಪುಗಳಾಗಿ ಇಟ್ಟಿರುತ್ತಾರೆ. ಕಡಿಮೆ ದರದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದು ನೀವು ನಾಲ್ಕು ಕೇಳಿದರೆ, ಸಾಮಾನ್ಯವಾಗಿ ನಾಲ್ಕಕ್ಕೂ ಮೇಲಿನ ಗುಂಪಿನ ದರವನ್ನೇ ತೋರಿಸುತ್ತದೆ. ಮೊದಲು ಒಂದು ಸೀಟಿಗೆ ಹುಡುಕಿ ದರ ನೋಡಿ, ಆಮೇಲೆ ಎರಡಕ್ಕೆ ನೋಡಿ. ಎರಡಕ್ಕೆ ಹುಡುಕಿದಾಗ ತಲಾ 9,000 ಇದ್ದು ಮೂರಕ್ಕೆ ತಲಾ 12,500ಕ್ಕೆ ಜಿಗಿದರೆ ಎರಡೆರಡಾಗಿ ಕೊಳ್ಳಿ. ವಯಸ್ಸಾದವರು, ಮಕ್ಕಳಿದ್ದರೆ ಒಬ್ಬ ದೊಡ್ಡವರ ಜೊತೆ ಒಂದೇ ಪಿಎನ್ಆರ್‌ನಲ್ಲಿ ಇರಲಿ. ದರ ತೀರಾ ಏರಿದ್ದರೆ ಸರ್ಕಾರ ಮಿತಿ ಹಾಕಿದೆಯೇ ಎಂದೂ ನೋಡಿ. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದಾಗ ಕೇಂದ್ರ ಸಚಿವಾಲಯ ದೂರಕ್ಕೆ ತಕ್ಕಂತೆ ಗರಿಷ್ಠ ದರ ಗೊತ್ತುಮಾಡಿತ್ತು. 1,500 ಕಿಲೋಮೀಟರ್‌ಗಿಂತ ದೂರದ ಮಾರ್ಗಕ್ಕೆ ಅದು 18,000 ರೂಪಾಯಿ. ಇಂಥ ಆದೇಶ ಎಲ್ಲ ಸಲವೂ ಬರುವುದಿಲ್ಲ, ಬಂದರೂ ಎರಡು ಮೂರು ದಿನ ತಡವಾಗಿ ಬರುತ್ತದೆ.

ದೆಹಲಿ ಅಂದರೆ ಇಂದಿರಾ ಗಾಂಧಿ ನಿಲ್ದಾಣ ಮಾತ್ರ ಅಂತಲೂ ಅಂದುಕೊಳ್ಳಬೇಡಿ. ಗಾಜಿಯಾಬಾದ್‌ನ ಹಿಂಡನ್ ದೆಹಲಿಗೆ ಅಂಟಿಕೊಂಡೇ ಇದೆ. ಜೈಪುರ, ಚಂಡೀಗಢಕ್ಕೆ ಇಳಿದರೂ ಅಲ್ಲಿಂದ ರೈಲಿನಲ್ಲೋ ಬಸ್ಸಿನಲ್ಲೋ ನಾಲ್ಕೈದು ಗಂಟೆಯ ದಾರಿ. ಇತ್ತ ಕಡೆಯೂ ಹಾಗೆಯೇ: ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನಿಂದ ಹೊರಡುವ ವಿಮಾನ ಆ ದಿನಕ್ಕೆ ಇದೆಯೇ ನೋಡಿ. ಬೆಂಗಳೂರಿನಿಂದ ರದ್ದಾದವರೆಲ್ಲ ಬೆಂಗಳೂರಿನಿಂದಲೇ ಹುಡುಕುತ್ತಿರುತ್ತಾರೆ, ಅಲ್ಲಿನ ಸೀಟು ಮೊದಲು ಖಾಲಿಯಾಗುತ್ತದೆ.

ರೈಲನ್ನು ಮಾತ್ರ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಂಗಳೂರು–ನಿಜಾಮುದ್ದೀನ್ ರಾಜಧಾನಿ, ಸಂಖ್ಯೆ 22691, ರಾತ್ರಿ 8ರ ಹೊತ್ತಿಗೆ ಕೆಎಸ್ಆರ್ ನಿಲ್ದಾಣ ಬಿಟ್ಟು ಮೂರನೆಯ ದಿನ ಬೆಳಗಿನ ಜಾವ ಸೇರುತ್ತದೆ. ಶುಕ್ರವಾರ ಹತ್ತಿದರೆ ಭಾನುವಾರ ಬೆಳಗ್ಗೆ ದೆಹಲಿ. ರೈಲು ಸ್ವಲ್ಪ ತಡವಾದರೂ ಮುಹೂರ್ತ ತಪ್ಪುವ ಭಯವಿದೆ, ಆದ್ದರಿಂದ ಇದನ್ನು ಕೊನೆಯ ಆಸರೆಯಾಗಿ ಇಟ್ಟುಕೊಳ್ಳಿ. ಶುಕ್ರವಾರದ ರೈಲಿಗೆ ಎಸಿ ತತ್ಕಾಲ್ ಗುರುವಾರ ಬೆಳಗ್ಗೆ 10ಕ್ಕೆ ತೆರೆಯುತ್ತದೆ. ಒಂದು ತತ್ಕಾಲ್ ಟಿಕೆಟ್‌ನಲ್ಲಿ ನಾಲ್ವರಿಗೆ ಅವಕಾಶ, ನಿಮ್ಮ ಲೆಕ್ಕಕ್ಕೆ ಸರಿಹೋಯಿತು. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಇವತ್ತು ರಾತ್ರಿಯೇ ಪರೀಕ್ಷಿಸಿ. ಬೆಳಗ್ಗೆ 9.55ಕ್ಕೆ ಆ ಕೆಲಸಕ್ಕೆ ಕೂತರೆ ಸೀಟು ಹೋಗಿರುತ್ತದೆ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಹಣ ಬರುವುದಿಲ್ಲ ಎಂಬುದೂ ನೆನಪಿರಲಿ. ಅದಕ್ಕೇ ಇವತ್ತು ರಾತ್ರಿ ವಿಮಾನ ಹುಡುಕಿ, ಸಿಗದಿದ್ದರೆ ಮಾತ್ರ ನಾಳೆ 10ಕ್ಕೆ ರೈಲು. ಗುರುವಾರ ಸಂಜೆಯೇ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ, ಸಂಖ್ಯೆ 12627, ಚಾರ್ಟ್ ಆದ ಮೇಲೆ ಉಳಿದ ಸೀಟನ್ನು ಕರೆಂಟ್ ಬುಕಿಂಗ್‌ನಲ್ಲಿ ಮಾರುತ್ತಾರೆ. ಅದು ಸಿಕ್ಕರೆ ಶನಿವಾರವೇ ದೆಹಲಿಯಲ್ಲಿರುತ್ತೀರಿ.

ಇದು ಮುಷ್ಕರವೇ ಆಗಿದ್ದರೆ ಇನ್ನೊಂದು ದಾರಿ ಇದೆ. ರದ್ದು ಮಾಡಿದ ಏರ್‌ಲೈನ್ ನಿಮಗೆ ಬೇರೆ ವಿಮಾನವನ್ನೋ ಪೂರ್ತಿ ರಿಫಂಡನ್ನೋ ಕೊಡಬೇಕು. ಆಯ್ಕೆ ನಿಮ್ಮದು ಅಂತ ಡಿಜಿಸಿಎ ನಿಯಮ ಹೇಳುತ್ತದೆ. ನಿಲ್ದಾಣದ ಟಿಕೆಟ್ ಕೌಂಟರ್‌ಗೆ ಹೋದರೆ ಫೋನಿಗಿಂತ ಬೇಗ ಕೆಲಸವಾಗುತ್ತದೆ. ಹೋಗುವ ಮುಂಚೆ ಅದೇ ಕಂಪನಿಯ ಯಾವ ವಿಮಾನದಲ್ಲಿ ಸೀಟು ಇದೆ ಎಂದು ನೀವೇ ನೋಡಿ, ವಿಮಾನ ಸಂಖ್ಯೆ ಬರೆದುಕೊಂಡು ಹೋಗಿ. ‘ಏನಾದರೂ ಮಾಡಿ ಸರ್’ ಅಂದರೆ ಕೌಂಟರ್‌ನಲ್ಲಿ ಕೂತವರಿಗೂ ಏನೂ ತೋಚುವುದಿಲ್ಲ. ‘ಶನಿವಾರ ಬೆಳಗಿನ ಈ ವಿಮಾನದಲ್ಲಿ ಸೀಟು ತೋರಿಸುತ್ತಿದೆ, ಇದಕ್ಕೆ ಹಾಕಿಕೊಡಿ’ ಅಂದರೆ ಎರಡು ನಿಮಿಷದ ಕೆಲಸ. ಹೋಗುವ ಪ್ರಯಾಣವನ್ನು ರೈಲಿನಲ್ಲೋ ಬೇರೆ ವಿಮಾನದಲ್ಲೋ ಮಾಡಿ, ಬರುವಾಗ ಇದೇ ಟಿಕೆಟ್ ಬಳಸುವ ಯೋಚನೆಯಿದ್ದರೆ ಹೋಗುವ ಭಾಗಕ್ಕೆ ಮಾತ್ರ ರಿಫಂಡ್ ಬೇಕು, ಬರುವ ಭಾಗ ಉಳಿಸಿ ಅಂತ ಲಿಖಿತವಾಗಿ ಕೇಳಿ. ಇಲ್ಲವಾದರೆ ಹೋಗುವಾಗ ಹತ್ತಲಿಲ್ಲ ಅಂತ ದಾಖಲಾಗಿ ಬರುವ ಟಿಕೆಟ್ಟೂ ರದ್ದಾಗುವ ಅಪಾಯವಿದೆ.

ಈಗ ದುಡ್ಡಿನ ವಿಷಯ. ಮುಷ್ಕರವಾದರೆ ಲೆಕ್ಕ ಸರಳ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡ ಟಿಕೆಟ್‌ನ ಹಣವನ್ನು ಏರ್‌ಲೈನ್ ರದ್ದಾದ 7 ದಿನದೊಳಗೆ ಕಾರ್ಡ್‌ಗೆ ಮರಳಿಸಬೇಕು. ಏಜೆಂಟ್ ಅಥವಾ ಪೋರ್ಟಲ್ ಮೂಲಕ ಕೊಂಡಿದ್ದರೂ ಮರಳಿಸುವ ಹೊಣೆ ಏರ್‌ಲೈನ್‌ನದೇ, ಯಾಕೆಂದರೆ ಏಜೆಂಟರು ಅದು ನೇಮಿಸಿದ ಪ್ರತಿನಿಧಿಗಳು. ಹೀಗೆ ಕೊಂಡ ಟಿಕೆಟ್‌ಗೆ ಅವಧಿ ಮಾತ್ರ ಏಳು ದಿನಕ್ಕಿಂತ ಹೆಚ್ಚು. ಆದರೆ ಹಣ ಹರಿಯುವುದು ಬಂದ ದಾರಿಯಲ್ಲೇ: ಏರ್‌ಲೈನ್‌ನಿಂದ ಪೋರ್ಟಲ್‌ಗೆ, ಪೋರ್ಟಲ್‌ನಿಂದ ನಿಮ್ಮ ಕಾರ್ಡ್‌ಗೆ. ನಡುವೆ ಸಿಕ್ಕಿಕೊಳ್ಳುವುದು ಪೋರ್ಟಲ್‌ನಲ್ಲಿ. ಏರ್‌ಲೈನ್‌ಗೆ ಬರೆದು, ರಿಫಂಡ್ ಕಳಿಸಿದ ದಿನಾಂಕ ಮತ್ತು ಉಲ್ಲೇಖ ಸಂಖ್ಯೆ ಕೇಳಿ. ಅದು ಕೈಗೆ ಬಂದರೆ ‘ಏರ್‌ಲೈನ್‌ನಿಂದ ಬಂದಿಲ್ಲ’ ಎನ್ನುವ ಪೋರ್ಟಲ್‌ನ ಮಾತು ಅಲ್ಲಿಗೆ ನಿಲ್ಲುತ್ತದೆ. ಆ ಅವಧಿ ಕಳೆದರೂ ಆಗದಿದ್ದರೆ ವಿಮಾನ ಪ್ರಯಾಣಿಕರ ದೂರಿಗೆಂದೇ ಇರುವ ಸರ್ಕಾರಿ ಸೈಟ್ ಏರ್‌ಸೇವಾದಲ್ಲಿ, airsewa.gov.in, ದೂರು ಹಾಕಿ. ಕ್ರೆಡಿಟ್ ಶೆಲ್ ಪ್ರಯಾಣಿಕರ ಆಯ್ಕೆ, ಏರ್‌ಲೈನ್ ತಾನಾಗಿ ಹೇರುವಂತಿಲ್ಲ ಎಂಬುದೂ ಅದೇ ರಿಫಂಡ್ ನಿಯಮದಲ್ಲಿದೆ.

ರಿಫಂಡ್ ಅಲ್ಲದೆ ಪರಿಹಾರವೂ ಸಿಗುತ್ತದೆ, ತಲೆಗೆ 10,000 ಅಂತ ಯಾರಾದರೂ ಹೇಳಿರಬಹುದು. ಅಷ್ಟನ್ನು ಎಣಿಸಿ ಕೂರಬೇಡಿ. ಎರಡು ಗಂಟೆಗಿಂತ ಹೆಚ್ಚಿನ ಹಾರಾಟಕ್ಕೆ 10,000 ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ನಿಮ್ಮ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ 3,800 ಇದ್ದರೆ ಪರಿಹಾರವೂ 3,800. ಅದೂ ಮುಷ್ಕರ, ಕಾರ್ಮಿಕ ವಿವಾದದಿಂದ ರದ್ದಾಗಿದ್ದರೆ ಕೊಡಬೇಕಿಲ್ಲ ಅಂತ ನಮ್ಮ ನಿಯಮ ಹೇಳುತ್ತದೆ. ಯುರೋಪ್‌ನಲ್ಲಿ ಹೀಗಿಲ್ಲ. ಏರ್‌ಲೈನ್‌ನ ಸ್ವಂತ ಸಿಬ್ಬಂದಿ ಸಾಮೂಹಿಕವಾಗಿ ಕಾಯಿಲೆ ರಜೆ ಹಾಕಿದರೂ ಪರಿಹಾರ ಕೊಡಬೇಕು ಅಂತ ಅಲ್ಲಿನ ನ್ಯಾಯಾಲಯ 2018ರಲ್ಲಿ ಟುಯಿಫ್ಲೈ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಬರುವ ಬಂಧುಗಳಿದ್ದರೆ ಇದನ್ನು ಹೇಳಿಡಿ. ಅಷ್ಟು ದೂರದ ಹಾರಾಟಕ್ಕೆ ಅಲ್ಲಿನ ಪರಿಹಾರ 600 ಯೂರೋ.

ಕಂಪನಿ ಮುಚ್ಚಿದ್ದರೆ ಏರ್‌ಲೈನ್‌ಗೆ ಒಂದೇ ಒಂದು ಮೇಲ್ ಹಾಕಿ: ವಿಮಾನ ರದ್ದಾಗಿದೆ, ಕ್ರೆಡಿಟ್ ಶೆಲ್ ಬೇಡ, ಕಾರ್ಡ್‌ಗೆ ಪೂರ್ತಿ ಹಣ ಬೇಕು. ಅದೇ ಮೇಲ್ ಪೋರ್ಟಲ್‌ಗೂ ಹೋಗಲಿ. ಮೂರು ನಾಲ್ಕು ದಿನ ಕಾದು, ಆಮೇಲೆ ನಿಮ್ಮ ಕಾರ್ಡ್ ಕೊಟ್ಟ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಕೇಳಿ. ಚಾರ್ಜ್‌ಬ್ಯಾಕ್ ಅಂದರೆ ನಿಮ್ಮ ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್ ಥರದ ಜಾಲದ ನಿಯಮದಡಿ ವ್ಯಾಪಾರಿಯ ಬ್ಯಾಂಕಿನಿಂದ ಹಣ ಹಿಂದಕ್ಕೆ ಎಳೆಯುವುದು. ವ್ಯಾಪಾರಿಯ ಹತ್ತಿರ ಹಣವಿಲ್ಲದಿದ್ದರೂ ಅವನ ಬ್ಯಾಂಕು ಉತ್ತರ ಹೇಳಬೇಕು. ದಿವಾಳಿಯಾದ ಏರ್‌ಲೈನ್‌ನ ವಿಷಯದಲ್ಲೂ ಈ ದಾರಿ ಕೆಲಸ ಮಾಡುವುದು ಇದರಿಂದಲೇ. ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ 39,400ರ ಎದುರು ಯಾರ ಹೆಸರಿದೆ ನೋಡಿ. ಪೋರ್ಟಲ್ ಹೆಸರಿದ್ದರೆ ಚಾರ್ಜ್‌ಬ್ಯಾಕ್ ಬೀಳುವುದು ಪೋರ್ಟಲ್ ಮೇಲೆ. ಅದು ಇನ್ನೂ ನಡೆಯುತ್ತಿರುವ ಕಂಪನಿ, ಇದು ನಿಮಗೆ ಅನುಕೂಲವೇ.

ಬ್ಯಾಂಕಿನ ಆ್ಯಪ್‌ನಲ್ಲಿ ಡಿಸ್ಪ್ಯೂಟ್ ಅರ್ಜಿ ತೆರೆದಾಗ ಕಾರಣ ಕೇಳುತ್ತದೆ. ಬಹಳ ಜನ ತಪ್ಪುವುದು ಇಲ್ಲೇ. ಸಿಟ್ಟಿನಲ್ಲಿ ‘ವಂಚನೆ’ ಅಂತ ಆರಿಸಬೇಡಿ. ಹಾಗೆ ಮಾಡಿದರೆ ಕಾರ್ಡ್ ಬ್ಲಾಕ್ ಆಗುತ್ತದೆ, ಆ ಮೇಲೆ ಒಟಿಪಿ ನೀವೇ ಹಾಕಿದ್ದೀರಿ ಅಂತ ಅರ್ಜಿ ಬಿದ್ದುಹೋಗುತ್ತದೆ. ಹಣ ಕೊಟ್ಟ ಸೇವೆ ಸಿಗಲಿಲ್ಲ ಎಂಬ ಅರ್ಥದ ಕಾರಣವನ್ನು ಆರಿಸಿ. ಜೊತೆಗೆ ಟಿಕೆಟ್, ರದ್ದಾದ ಮೆಸೇಜಿನ ಸ್ಕ್ರೀನ್‌ಶಾಟ್, ನೀವು ರಿಫಂಡ್ ಕೇಳಿದ ಮೇಲ್, ಕಂಪನಿ ಹಾರಾಟ ನಿಲ್ಲಿಸಿದ ಪ್ರಕಟಣೆ ಹಾಕಿ. ಟಿಪ್ಪಣಿ ನಾಲ್ಕೇ ಸಾಲಿರಲಿ: ಯಾವ ದಿನ ಕೊಂಡೆ, ಯಾವ ದಿನದ ಪ್ರಯಾಣ, ಯಾರು ರದ್ದು ಮಾಡಿದರು, ಬದಲಿ ವಿಮಾನವನ್ನೋ ವೋಚರನ್ನೋ ಒಪ್ಪಿಕೊಂಡಿಲ್ಲ. ಕೊನೆಯ ಸಾಲು ಬಿಡಬೇಡಿ. ಕ್ರೆಡಿಟ್ ಶೆಲ್ ಒಪ್ಪಿದ್ದರೆ ಅದನ್ನೇ ತೋರಿಸಿ ಎದುರು ಪಕ್ಷ ಗೆಲ್ಲುತ್ತದೆ, ಮುಚ್ಚಿದ ಕಂಪನಿಯ ಶೆಲ್ ಇಟ್ಟುಕೊಂಡು ಮಾಡುವುದೇನೂ ಇಲ್ಲ. ಮೊತ್ತ ಪೂರ್ತಿ 39,400 ಕೇಳಿ. ಪೋರ್ಟಲ್ ತನ್ನ ಸೇವಾ ಶುಲ್ಕ ಕೊಡಲ್ಲ ಅಂತ ವಾದಿಸಿದರೆ ಅದಷ್ಟೇ ಮೊತ್ತದ ವಿವಾದವಾಗುತ್ತದೆ, ಟಿಕೆಟ್‌ನ ಹಣ ತಡೆಯುವುದಿಲ್ಲ.

ಇದಕ್ಕೆ ಅವಧಿ ಇದೆ. ಕಾರ್ಡ್ ಜಾಲಗಳಲ್ಲಿ ಸಾಮಾನ್ಯವಾಗಿ ಸೇವೆ ಸಿಗಬೇಕಿದ್ದ ದಿನದಿಂದ 120 ದಿನ. ಗೋ ಫಸ್ಟ್‌ನಲ್ಲಿ 2023ರ ಮೇ 3ಕ್ಕೆ ಹಾರಬೇಕಿದ್ದವರಿಗೆ ಆ ಲೆಕ್ಕದಲ್ಲಿ ಆಗಸ್ಟ್ 31ಕ್ಕೆ ಗಡುವು ಮುಗಿಯಿತು. ಆ ಅವಧಿಯುದ್ದಕ್ಕೂ ಹಾರಾಟ ಮತ್ತೆ ಶುರುವಾಗುವ ಮಾತು ನಡೆಯುತ್ತಲೇ ಇತ್ತು, ರದ್ದಿನ ದಿನಾಂಕ ಮುಂದೆ ಮುಂದೆ ಹೋಗುತ್ತಲೇ ಇತ್ತು. ನಂಬಿ ಕಾದವರ ದಾರಿ ಮುಚ್ಚಿತು. ಅದಕ್ಕೇ ಹೇಳುವುದು, ಕಂಪನಿ ಎದ್ದು ನಿಲ್ಲುತ್ತದೋ ಇಲ್ಲವೋ ನೋಡೋಣ ಅಂತ ಚಾರ್ಜ್‌ಬ್ಯಾಕ್ ತಡಮಾಡಬೇಡಿ. ಎದುರು ಪಕ್ಷದ ಉತ್ತರಕ್ಕೆ ಒಂದು ಒಂದೂವರೆ ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕಾರ್ಡ್ ಬಿಲ್ ಕಟ್ಟುತ್ತಿರಿ. ವಿವಾದ ಇದೆ ಅಂತ ಬಿಟ್ಟರೆ ಬಡ್ಡಿ ಬೀಳುತ್ತದೆ, ಸಿಬಿಲ್ ಅಂಕ ಇಳಿಯುತ್ತದೆ. ಟಿಕೆಟ್ಟನ್ನು ಇಎಂಐಗೆ ಹಾಕಿಸಿದ್ದರೆ ರಿಫಂಡ್ ಬಂದ ಮಾತ್ರಕ್ಕೆ ಇಎಂಐ ನಿಲ್ಲುವುದಿಲ್ಲ, ಅದನ್ನು ಮುಚ್ಚಲು ಬ್ಯಾಂಕಿಗೆ ಬೇರೆಯೇ ಹೇಳಬೇಕು. ಬ್ಯಾಂಕು ದೂರಿಗೆ 30 ದಿನ ಉತ್ತರಿಸದಿದ್ದರೆ ಅಥವಾ ಕಾರಣ ಹೇಳದೆ ತಳ್ಳಿಹಾಕಿದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಿ. ಡೆಬಿಟ್ ಕಾರ್ಡ್‌ಗೂ ಚಾರ್ಜ್‌ಬ್ಯಾಕ್ ಇದೆ. ನೆಟ್ ಬ್ಯಾಂಕಿಂಗ್‌ನಲ್ಲಿ ನಡುವೆ ಕಾರ್ಡ್ ಜಾಲವೇ ಇಲ್ಲದ್ದರಿಂದ ಈ ದಾರಿ ಸಿಗುವುದಿಲ್ಲ. ಮುಂದಿನ ಸಲ ಟಿಕೆಟ್ ಕೊಳ್ಳುವಾಗ ಇಷ್ಟು ನೆನಪಿರಲಿ.

ಚಾರ್ಜ್‌ಬ್ಯಾಕ್ ಸಿಗದವರಿಗೆ ಉಳಿಯುವುದು ದಿವಾಳಿ ಪ್ರಕ್ರಿಯೆಯಲ್ಲಿ ಕ್ಲೇಮ್ ಹಾಕುವುದು. ನ್ಯಾಯಮಂಡಳಿ ಅರ್ಜಿ ಸ್ವೀಕರಿಸಿದ ಕೂಡಲೇ ಒಬ್ಬ ವೃತ್ತಿಪರರನ್ನು ನೇಮಿಸುತ್ತದೆ. ಅವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಯಾರು ಯಾವ ಫಾರಂನಲ್ಲಿ, ಯಾವ ದಿನದೊಳಗೆ, ಯಾವ ವಿಳಾಸಕ್ಕೆ ಕ್ಲೇಮ್ ಕಳಿಸಬೇಕು ಅಂತ ಹೇಳುತ್ತಾರೆ. ಅವಧಿ ಸಾಮಾನ್ಯವಾಗಿ 14 ದಿನ. ವಕೀಲರು ಬೇಕಿಲ್ಲ. ಟಿಕೆಟ್, ಪಾವತಿಯ ದಾಖಲೆ, ಗುರುತಿನ ಚೀಟಿ, ಖಾತೆಯ ವಿವರ ಸಾಕು. ಆದರೆ ಇದರಿಂದ ಎಷ್ಟು ಬರುತ್ತದೆ ಎಂಬ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಕಂಪನಿಯ ಆಸ್ತಿ ಮಾರಿದ ಹಣ ಮೊದಲು ಪ್ರಕ್ರಿಯೆಯ ಖರ್ಚಿಗೆ, ಆಮೇಲೆ ಆಸ್ತಿ ಅಡವಿಟ್ಟುಕೊಂಡ ಬ್ಯಾಂಕುಗಳಿಗೆ, ಕಾರ್ಮಿಕರ ಬಾಕಿಗೆ, ನೌಕರರಿಗೆ, ಸರ್ಕಾರದ ಬಾಕಿಗೆ ಹೋಗಿ, ಪ್ರಯಾಣಿಕರ ಸರದಿ ಬರುವುದು ಬಹಳ ಕೆಳಗೆ. ಏರ್‌ಲೈನ್‌ಗಳು ವಿಮಾನಗಳನ್ನು ಹೆಚ್ಚಾಗಿ ಬಾಡಿಗೆಗೆ ತಂದಿರುತ್ತವೆ, ಮಾರಲು ದೊಡ್ಡ ಆಸ್ತಿಯೇ ಇರುವುದಿಲ್ಲ. ಸಮಯವೂ ಹಿಡಿಯುತ್ತದೆ: 2019ರ ಏಪ್ರಿಲ್ 17ರಂದು ನೆಲಕ್ಕಿಳಿದ ಜೆಟ್ ಏರ್‌ವೇಸ್‌ನ ಆಸ್ತಿ ಮಾರಾಟಕ್ಕೆ ಸುಪ್ರೀಂ ಕೋರ್ಟ್ ಆದೇಶ ಕೊಟ್ಟದ್ದು 2024ರ ನವೆಂಬರ್ 7ರಂದು. ಗೋ ಫಸ್ಟ್‌ಗೆ ಅಂಥ ಆದೇಶ 2025ರ ಜನವರಿಯಲ್ಲಿ ಬಂತು. ಚಾರ್ಜ್‌ಬ್ಯಾಕ್ ಸಿಕ್ಕವರು ಅದೇ ಹಣಕ್ಕೆ ಮತ್ತೆ ಕ್ಲೇಮ್ ಹಾಕುವಂತಿಲ್ಲ.

ದಿವಾಳಿ ಪ್ರಕ್ರಿಯೆ ನಡೆಯುತ್ತಿರುವಾಗ ಏರ್‌ಲೈನ್ ವಿರುದ್ಧ ಗ್ರಾಹಕ ಆಯೋಗದಲ್ಲೂ ಮೊಕದ್ದಮೆ ನಡೆಯುವುದಿಲ್ಲ, ಕಾನೂನು ತಡೆ ಹಾಕುತ್ತದೆ. ಆ ತಡೆ ಪೋರ್ಟಲ್‌ಗೆ ಅನ್ವಯಿಸುವುದಿಲ್ಲ. ಹಣ ಪಡೆದು ಏರ್‌ಲೈನ್‌ಗೆ ಇನ್ನೂ ದಾಟಿಸದೆ ಇಟ್ಟುಕೊಂಡಿದ್ದರೆ, ಅಥವಾ ಏರ್‌ಲೈನ್‌ನಿಂದ ಬಂದ ರಿಫಂಡನ್ನು ನಿಮಗೆ ಕೊಡದೆ ಹಿಡಿದಿದ್ದರೆ ಪೋರ್ಟಲ್ ಮೇಲೆ ದೂರು ಹಾಕಬಹುದು. ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ, ಹಲವು ಸಲ ಅಲ್ಲೇ ಇತ್ಯರ್ಥವಾಗುತ್ತದೆ. ಆಗದಿದ್ದರೆ ಜಿಲ್ಲಾ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷ ಸಮಯವಿದೆ.

ಏರ್‌ಲೈನ್‌ನ ಸಹಾಯವಾಣಿ ಸಂಖ್ಯೆಯನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ, ನಿಮ್ಮ ಟಿಕೆಟ್ ಮೇಲಿರುವುದನ್ನೇ ಬಳಸಿ. ವಿಮಾನಗಳು ರದ್ದಾದ ದಿನಗಳಲ್ಲಿ ರಿಫಂಡ್ ಮಾಡಿಸಿಕೊಡುತ್ತೇವೆ ಅಂತ ಕಳ್ಳ ಸಂಖ್ಯೆಗಳು ಹರಿದಾಡುತ್ತವೆ. ಆ ಕಡೆಯವರು ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸಿಕೊಳ್ಳಿ, ಪರಿಶೀಲನೆಗೆ ಹತ್ತು ರೂಪಾಯಿ ಕಳಿಸಿ, ಯುಪಿಐ ಪಿನ್ ಹಾಕಿ ಅನ್ನುತ್ತಾರೆ. ಹಣ ನಿಮಗೆ ಬರಲು ಪಿನ್ ಯಾವತ್ತೂ ಬೇಕಿಲ್ಲ. ಮನೆಯಲ್ಲಿ ಯಾರಾದರೂ ಈಗಾಗಲೇ ಹಾಕಿಬಿಟ್ಟಿದ್ದರೆ ಒಂದು ಗಂಟೆಯನ್ನೂ ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಮುಂದಿನ ಖಾತೆಗೆ ದಾಟುವ ಮುಂಚೆ ತಡೆಹಿಡಿಯಲು ಅವರಿಂದ ಸಾಧ್ಯ.